ಬೆಳ್ಳಿಹಬ್ಬದ ಊಟದಲ್ಲಿ ಮಗಳ ಮಾತು

ತಂದೆತಾಯಿಗಳ ದಾಂಪತ್ಯಕ್ಕೆ 25 ವರ್ಷ ತುಂಬಿದ ಸಂಜೆ ನೆಂಟರಿಷ್ಟರ ಮುಂದೆ ನಾಲ್ಕು ಮಾತನಾಡಲು ಏಳುವ ಮಗಳೇ, ಎಲೆಗೆ ಅನ್ನ ಬೀಳುವ ಮುನ್ನ, ಮೂರು ನಿಮಿಷ ಮೀರದಂತೆ, ಒಂದೇ ಒಂದು ಪ್ರಸಂಗವನ್ನು ಹೇಳಮ್ಮ. ತ್ಯಾಗಮೂರ್ತಿ, ಕರುಣಾಮಯಿ ಎಂಬ ವಿಶೇಷಣಗಳು ಎಲ್ಲರ ತಂದೆತಾಯಿಗಳಿಗೂ ಒಪ್ಪುವುದರಿಂದ ನಿನ್ನವರನ್ನು ಕಾಣಿಸಲಾರವು.

ನೀನು ಕನಕಪುರದ ಕಡೆಯ ರೇಷ್ಮೆ ಬೆಳೆಗಾರರ ಮನೆಯವಳೆಂದು ಭಾವಿಸೋಣ. ನಾಲ್ಕನೆಯ ಜ್ವರದಿಂದೆದ್ದ ಹುಳುಗಳು ತಮ್ಮ ಜೀವಮಾನದ ಸೊಪ್ಪಿನ ಬಹುಪಾಲನ್ನು ವಾರವೊಂದರಲ್ಲೇ ತಿಂದು ತೀರಿಸುವ ಆ ದಿನಗಳಲ್ಲಿ, ಅಪ್ಪ ನಡುರಾತ್ರಿ ಸೊಪ್ಪು ಹಾಕಿ ಮಲಗಿದರೆ, ಅಮ್ಮ ಬೆಳಗಿನ ಜಾವದಲ್ಲೆದ್ದು ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದುದನ್ನೂ, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಹರಾಜಾಗಿ ಬಂದ ಹಣವನ್ನು ಅಪ್ಪ ಮೊದಲು ಅಮ್ಮನ ಕೈಗಿಡುತ್ತಿದ್ದುದನ್ನೂ ಹೇಳಿದೆಯಾದರೆ, ಅವರ ಅನ್ಯೋನ್ಯತೆಯು ವರ್ಣನೆಯಿಲ್ಲದೆಯೇ ಸಭೆಗೆ ಗೋಚರಿಸುವುದು. ಇಬ್ಬರ ಪಾಲೂ ಅದರಲ್ಲಿರಲಿ. ಮಿತಭಾಷಿಯಾದವರ ದುಡಿಮೆಯೇ ಇಂಥ ಮಾತುಗಳಲ್ಲಿ ಮರೆತುಹೋಗುವುದು ಹೆಚ್ಚು.

ಬೆಳೆ ಕೆಟ್ಟ ವರ್ಷದ ಸಾಲ, ದಾಯಾದಿಗಳ ಮನಸ್ತಾಪ ಮೊದಲಾದವನ್ನು ಹೇಳಬೇಕೆನಿಸಿದರೆ ಹಿಂದಿನ ದಿನವೇ ಇಬ್ಬರನ್ನೂ ಕೇಳತಕ್ಕದ್ದು. ಅಮ್ಮ ಉತ್ತರಿಸದೆ ಬೇರೆ ಮಾತೆತ್ತಿದರೆ, ಅದನ್ನು ಬಿಟ್ಟುಬಿಡು.

ಹಿರಿಯರನ್ನು ಕಿರಿಯರು ಹರಸುವುದು ನಮ್ಮಲ್ಲಿ ರೂಢಿಯಲ್ಲವಾದಕಾರಣ, ನೆರೆದ ಹಿರಿಯರೇ ಅವರನ್ನು ಹರಸಲೆಂದು ಬೇಡಿ, ಇಬ್ಬರ ಪಾದಗಳಿಗೂ ನಮಸ್ಕರಿಸಿ, ಬಡಿಸುವವರಿಗೆ ಸನ್ನೆ ಮಾಡು.