ಬೆಲೆಗೆ ಚೌಕಾಸಿ ಉಂಟು, ತೂಕಕ್ಕಿಲ್ಲ

ತಳ್ಳುಗಾಡಿಯ ಮುಂದೆ ನಿಂತು ‘ಏನಕ್ಕ, ಬೋಣಿ ಆಯ್ತಾ?’ ಎಂದು ಕೇಳುವುದರಿಂದ ಹಿಡಿದು ತರಕಾರಿ ಚೀಲಕ್ಕೆ ಬೀಳುವವರೆಗೆ ನಡೆಯುವುದೆಲ್ಲ ಕಾನೂನಿನ ದೃಷ್ಟಿಯಲ್ಲಿ ಒಂದು ಒಪ್ಪಂದ. ಕಾಗದ ಬೇಕಿಲ್ಲ, ಸಹಿ ಬೇಕಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಬಾಯಿಮಾತಿನಲ್ಲಿ ಕುದುರಿದ ವ್ಯಾಪಾರವೂ ಪೂರ್ಣ ವ್ಯಾಪಾರವೇ. ‘ಕೆಜಿಗೆ ನಲವತ್ತು’ ಎಂದು ಮಾರುವವರು ಹೇಳಿ, ‘ಸರಿ, ಒಂದು ಕೆಜಿ ಹಾಕಿ’ ಎಂದು ಕೊಳ್ಳುವವರು ಒಪ್ಪಿದ ಕ್ಷಣಕ್ಕೆ ಎರಡು ಸಂಗತಿಗಳು ಗಟ್ಟಿಯಾಗುತ್ತವೆ: ಬೆಲೆ ಮತ್ತು ಪ್ರಮಾಣ. ಇವುಗಳಲ್ಲಿ ಮೊದಲನೆಯದು ಮಾತಿಗೆ ಬಗ್ಗುತ್ತದೆ. ಎರಡನೆಯದು ಬಗ್ಗುವಂತಿಲ್ಲ.

ಮಾತು ಎಲ್ಲಿ ಕೆಲಸ ಮಾಡುತ್ತದೆ

ಬಿಡಿ ತರಕಾರಿಗೆ ಪೊಟ್ಟಣದ ಮೇಲೆ ಮುದ್ರಿಸಿದಂಥ ಗರಿಷ್ಠ ಮಾರಾಟ ಬೆಲೆ ಇರುವುದಿಲ್ಲ. ಬೆಳಗಿನ ಮಂಡಿ ದರ, ಸಾಗಣೆ, ಕೊಳೆತು ಹೋಗುವ ಭಾಗ, ದಿನದ ದುಡಿಮೆ ಇವನ್ನೆಲ್ಲ ಸೇರಿಸಿ ಮಾರುವವರೇ ಬೆಲೆ ಕಟ್ಟುತ್ತಾರೆ. ಹಾಗಾಗಿ ಅದನ್ನು ಇಳಿಸಲು ಕೇಳುವುದಕ್ಕೂ, ಇಳಿಸುವುದಿಲ್ಲ ಎನ್ನುವುದಕ್ಕೂ ಎರಡೂ ಕಡೆ ಸಮಾನ ಸ್ವಾತಂತ್ರ್ಯವಿದೆ. ಬೆಲೆ ಕೇಳಿ ಒಪ್ಪದೆ ಮುಂದಿನ ಗಾಡಿಗೆ ಹೋದವರ ಮೇಲೆ ಯಾವ ಋಣವೂ ಇಲ್ಲ.

ಸ್ನೇಹದ ಮಾತು ಈ ಹಂತದಲ್ಲಿ ನಿಜವಾದ ಲಾಭ ತರುತ್ತದೆ. ‘ಇವತ್ತಿನ ಟೊಮೇಟೊ ಕೋಲಾರದ ಕಡೆಯದ್ದಾ? ಮಂಡಿಯಲ್ಲಿ ಹೇಗಿತ್ತು?’ ಎಂಬ ಪ್ರಶ್ನೆಗೆ ಬರುವ ಉತ್ತರದಿಂದ ಬೆಲೆ ಏಕೆ ಏರಿದೆ, ಮಾಲು ಇಂದಿನದೋ ನಿನ್ನೆಯದೋ ಎಂಬುದು ತಿಳಿಯುತ್ತದೆ. ಮಾರುವವರೂ ಖಾಯಂ ಗಿರಾಕಿಗೆ ‘ಬೀನ್ಸ್ ಇವತ್ತು ಬೇಡ ಬಿಡಿ, ಬಲಿತಿದೆ’ ಎಂದು ಹೇಳುವುದುಂಟು. ಹತ್ತಿರದ ಹಾಪ್‌ಕಾಮ್ಸ್ ಮಳಿಗೆಯ ದರಪಟ್ಟಿಯ ಮೇಲೆ ಮೊದಲೇ ಕಣ್ಣಾಡಿಸಿದ್ದರೆ ಕೇಳುವ ಬೆಲೆಗೂ ಒಂದು ಆಧಾರ ಇರುತ್ತದೆ.

ಆದರೆ ಅಸಲಿಗಿಂತ ಕೆಳಕ್ಕೆ ಎಳೆದ ಚೌಕಾಸಿ ತೂಕದಲ್ಲಿ ಮರಳಿ ಬರುವ ಅಪಾಯವಿದೆ. ನಲವತ್ತು ರೂಪಾಯಿಯ ಮಾಲನ್ನು ಮೂವತ್ತಕ್ಕೆ ಒಪ್ಪಿಸಿಕೊಂಡು, ಕೈಗೆ ಸಿಕ್ಕಿದ್ದು 750 ಗ್ರಾಂ ಆದರೆ, ಕೊಟ್ಟಿದ್ದು ಕೆಜಿಗೆ ಸರಿಯಾಗಿ ನಲವತ್ತು ರೂಪಾಯಿಯೇ. ಚೌಕಾಸಿಯಲ್ಲಿ ಗೆದ್ದಂತೆ ಕಂಡವರು ಒಂದು ಪೈಸೆಯನ್ನೂ ಉಳಿಸಿಲ್ಲ. ಬೆಲೆ ಎಷ್ಟೇ ಇಳಿದಿರಲಿ, ತೂಕವನ್ನು ಕಡಿತ ಮಾಡಲು ಅದು ಕಾನೂನಿನಲ್ಲಿ ನೆಪವಾಗುವುದಿಲ್ಲ.

ಕೊಸರು ಮತ್ತು ರೂಢಿ

ಕೊಸರು ಎಂದರೆ ತೂಗಿ ಕೊಟ್ಟ ಮೇಲೆ ಪ್ರೀತಿಯಿಂದ ಹಾಕುವ ಒಂದೆಳೆ ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ. 2009ರ ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆಯ 12ನೇ ಕಲಮು ಈ ವಿಷಯದಲ್ಲಿ ಓದಿಕೊಳ್ಳಬೇಕಾದದ್ದು. ಒಪ್ಪಿದ ತೂಕ, ಅಳತೆ ಅಥವಾ ಸಂಖ್ಯೆಗಿಂತ ಹೆಚ್ಚನ್ನಾಗಲಿ ಕಡಿಮೆಯನ್ನಾಗಲಿ ಕೇಳಲು ಅಥವಾ ಪಡೆಯಲು ಅವಕಾಶ ಕೊಡುವ ಯಾವುದೇ ರೂಢಿ, ಪದ್ಧತಿ ಅಸಿಂಧು ಎಂದು ಅದು ಹೇಳುತ್ತದೆ.

ಈ ಕಲಮು ಎರಡೂ ಕಡೆಗೆ ಕತ್ತರಿಸುತ್ತದೆ. ‘ಈ ಸಂತೆಯಲ್ಲಿ ಕೆಜಿ ಅಂದರೆ ಇಷ್ಟೇ, ಎಲ್ಲರೂ ಹೀಗೇ ತೂಗುವುದು’ ಎಂದು ಮಾರುವವರು ಹೇಳುವಂತಿಲ್ಲ. ‘ಕೊಸರು ಹಾಕುವುದು ಪದ್ಧತಿ, ಹಾಕಲೇಬೇಕು’ ಎಂದು ಕೊಳ್ಳುವವರು ಹಕ್ಕಿನಿಂದ ಒತ್ತಾಯಿಸುವಂತೆಯೂ ಇಲ್ಲ. ಮಾರುವವರು ಮನಸ್ಸಿನಿಂದ ಕೊಟ್ಟ ಕೊಸರಿಗೆ ಅಡ್ಡಿಯಿಲ್ಲ. ಆದರೆ ಕೊಸರು ಸಿಕ್ಕಿತೆಂಬ ಕಾರಣಕ್ಕೆ ಕಡಿಮೆಯಾದ ತೂಕ ಸರಿಹೋಗುವುದಿಲ್ಲ. ಎರಡು ರೂಪಾಯಿಯ ಕರಿಬೇವು ನೂರು ಗ್ರಾಂ ಟೊಮೇಟೊದ ಲೆಕ್ಕವನ್ನು ತೀರಿಸುವುದಿಲ್ಲ.

ಕಟ್ಟಿನ ಲೆಕ್ಕದಲ್ಲಿ ಕೊಳ್ಳುವ ಸೊಪ್ಪು, ಎಣಿಸಿ ಕೊಳ್ಳುವ ನಿಂಬೆಹಣ್ಣು, ‘ಗುಡ್ಡೆ ಇಪ್ಪತ್ತು’ ಎಂದು ಕಣ್ಣಳತೆಯಲ್ಲಿ ಕೊಂಡ ಬದನೆಕಾಯಿ ಇವುಗಳಲ್ಲಿ ತೂಕದ ಒಪ್ಪಂದವೇ ಆಗಿರುವುದಿಲ್ಲ. ಅಲ್ಲಿ ತೂಕ ಕಡಿಮೆ ಎಂಬ ದೂರು ನಿಲ್ಲುವುದು ಕಷ್ಟ. ತೂಕ ಬೇಕೆನ್ನುವವರು ತೂಗಿಸಿಯೇ ಕೊಳ್ಳಬೇಕು.

ತಕ್ಕಡಿಯಲ್ಲಿ ನೋಡಬೇಕಾದದ್ದು

ವ್ಯಾಪಾರಕ್ಕೆ ಬಳಸುವ ಪ್ರತಿ ತಕ್ಕಡಿ ಮತ್ತು ಬಟ್ಟನ್ನು ಮಾಪನಶಾಸ್ತ್ರ ಕಾಯ್ದೆಯ 24ನೇ ಕಲಮಿನಂತೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರೀಕ್ಷಿಸಿ ಮುದ್ರೆ ಹಾಕಿಸಿರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ, ಕೈತಕ್ಕಡಿ ಮತ್ತು ಕಬ್ಬಿಣದ ಬಟ್ಟುಗಳಿಗೆ 24 ತಿಂಗಳಿಗೊಮ್ಮೆ ಮರುಪರೀಕ್ಷೆ ಆಗಬೇಕು. ಮುದ್ರೆಯಲ್ಲಿ ವರ್ಷದ ಕೊನೆಯ ಎರಡು ಅಂಕಿಗಳೂ ಯಾವ ತ್ರೈಮಾಸಿಕ ಎಂಬುದನ್ನು ಸೂಚಿಸುವ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದೂ ಇರುತ್ತವೆ. ಪರೀಕ್ಷೆಯಾದ ಬಗ್ಗೆ ಪ್ರಮಾಣಪತ್ರವೂ ಇರುತ್ತದೆ. ಅದನ್ನು ನೋಡಲು ಕೇಳುವುದು ಅಪಮಾನವಲ್ಲ.

ಕಬ್ಬಿಣದ ಬಟ್ಟಿನ ಗುಳಿಯಲ್ಲಿ ತುಂಬಿದ ಸೀಸದ ಮೇಲೆ ಮುದ್ರೆ ಇರುತ್ತದೆ. ಆ ಸೀಸ ಕಿತ್ತುಹೋಗಿದ್ದರೆ ಬಟ್ಟು ಹಗುರವಾಗಿದೆ ಎಂದೇ ತಿಳಿಯಬೇಕು. ಬಟ್ಟಿನ ಬದಲು ಕಲ್ಲು ಅಥವಾ ಕಬ್ಬಿಣದ ತುಂಡು ಇಟ್ಟು ತೂಗುವುದು ಕಾನೂನುಬಾಹಿರ. ಕೈತಕ್ಕಡಿಯಾದರೆ ಖಾಲಿ ತಟ್ಟೆಗಳು ಸಮವಾಗಿ ನಿಂತು ಮುಳ್ಳು ನಡುವೆ ಬರುವುದನ್ನು ನೋಡಬೇಕು. ಮಾರುವವರ ಬೆರಳು ದಂಡಕ್ಕೆ ತಾಗಿರಬಾರದು.

ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸಾಮಾನ್ಯವಾಗಿ ತಪ್ಪುವುದು ಬುಟ್ಟಿಯ ಭಾರ. ತೂಗಲು ಇಟ್ಟ ಬುಟ್ಟಿ ಅಥವಾ ತಟ್ಟೆಯ ತೂಕವನ್ನು ಕಳೆದು ಅಂಕಿಯನ್ನು ಸೊನ್ನೆಗೆ ತರದಿದ್ದರೆ ಅದೂ ತರಕಾರಿಯ ಜೊತೆ ಮಾರಾಟವಾಗುತ್ತದೆ. ಕನಿಷ್ಠ ತೂಕವನ್ನೂ ಗಮನಿಸಬೇಕು. 30 ಕೆಜಿವರೆಗೆ ಐದೈದು ಗ್ರಾಮಿನ ಅಂತರದಲ್ಲಿ ತೋರಿಸುವ ತಕ್ಕಡಿ 100 ಗ್ರಾಮಿಗಿಂತ ಕಡಿಮೆ ತೂಕಕ್ಕೆ ನಂಬಿಕೆಯದಲ್ಲ. 50 ಗ್ರಾಂ ಶುಂಠಿಯನ್ನು ಅದರಲ್ಲಿ ತೂಗಿ ವಾದಿಸುವುದರಲ್ಲಿ ಹುರುಳಿಲ್ಲ. ಅದೇ ತಕ್ಕಡಿಯಲ್ಲಿ ಒಂದು ಕೆಜಿಗೆ ನೂರು ಗ್ರಾಂ ಕಡಿಮೆ ಬಂದರೆ ಅದು ಯಂತ್ರದ ಸಹಜ ವ್ಯತ್ಯಾಸವಲ್ಲ. ಅನುಮತಿಸಿದ ವ್ಯತ್ಯಾಸ ಕೆಲವೇ ಗ್ರಾಂ.

ಸಂಶಯ ಬಂದರೆ ಪರೀಕ್ಷೆಗೆ ಸುಲಭದ ದಾರಿಯೊಂದಿದೆ. ಮುಚ್ಚಳ ತೆರೆಯದ ಒಂದು ಲೀಟರ್ ನೀರಿನ ಬಾಟಲಿಯನ್ನು ತಕ್ಕಡಿಯ ಮೇಲೆ ಇಡಬೇಕು. ನೀರೇ ಸುಮಾರು ಒಂದು ಕೆಜಿ, ಬಾಟಲಿಯದು ಇನ್ನೊಂದಿಷ್ಟು ಗ್ರಾಂ. ಹಾಗಾಗಿ ಅಂಕಿ ಒಂದು ಕೆಜಿಗಿಂತ ತುಸು ಮೇಲಿರಬೇಕು. ತಕ್ಕಡಿ 1.100ಕ್ಕಿಂತ ಹೆಚ್ಚು ತೋರಿಸಿದರೆ, ಅದು ಇಟ್ಟ ವಸ್ತುವನ್ನು ಭಾರವಾಗಿ ತೋರಿಸುತ್ತಿದೆ ಎಂದರ್ಥ.

ಒಂದು ವ್ಯಾಪಾರ, ಹೆಜ್ಜೆ ಹೆಜ್ಜೆಯಾಗಿ

ಕೆಜಿಗೆ ನಲವತ್ತರಂತೆ ಒಂದು ಕೆಜಿ ಟೊಮೇಟೊಗೆ ಮಾತಾಗಿದೆ ಎಂದುಕೊಳ್ಳೋಣ. ಪ್ಲಾಸ್ಟಿಕ್ ಬುಟ್ಟಿಗೆ ಟೊಮೇಟೊ ತುಂಬಿ ತಕ್ಕಡಿಯ ಮೇಲಿಟ್ಟಾಗ ‘ಮಗಳ ಪರೀಕ್ಷೆ ಮುಗೀತಾಮ್ಮ?’ ಎಂಬ ಮಾತು ಬರುತ್ತದೆ. ಕೊಳ್ಳುವವರು ಮುಖ ನೋಡಿ ಉತ್ತರಿಸುವಷ್ಟರಲ್ಲಿ 1.000 ಎಂದು ತೋರಿಸಿದ ಅಂಕಿ ಮಾಯವಾಗಿ ಟೊಮೇಟೊ ಚೀಲದಲ್ಲಿರುತ್ತದೆ. ಮಾತಾಡಿದವರಿಗೆ ಮೋಸದ ಉದ್ದೇಶ ಇರಬಹುದು, ಇಲ್ಲದೆಯೂ ಇರಬಹುದು. ಕಣ್ಣು ತಪ್ಪುವುದು ಮಾತ್ರ ಎರಡರಲ್ಲೂ ಒಂದೇ. ಆದ್ದರಿಂದ ಕುಶಲ ವಿಚಾರಣೆ ತೂಗುವ ಮುಂಚೆ ಅಥವಾ ತೂಗಿದ ಮೇಲೆ ಇರಲಿ. ತೂಗುವಾಗ ಕಣ್ಣು ತಕ್ಕಡಿಯ ಮೇಲಿರಲಿ.

ಹಾಗೆ ತಪ್ಪಿದರೂ ಸ್ಥಳದಲ್ಲೇ ಸರಿಪಡಿಸಲು ಒಂದು ಮಾತು ಸಾಕು: ‘ಅಕ್ಕಾ, ಬುಟ್ಟಿ ಖಾಲಿ ಇಟ್ಟು ಒಂದ್ಸಲ ಸೊನ್ನೆ ಮಾಡಿ ತೋರಿಸ್ತೀರಾ?’ ಸೊನ್ನೆ ಮಾಡುವ ಮುಂಚೆ ಖಾಲಿ ಬುಟ್ಟಿಗೆ 0.100 ಎಂದು ಬಂದರೆ ಟೊಮೇಟೊ ಇದ್ದದ್ದು 900 ಗ್ರಾಂ. ಆಗ ಸರಕು ಮಾರಾಟ ಕಾಯ್ದೆಯ 37ನೇ ಕಲಮಿನಂತೆ ಕೊಳ್ಳುವವರ ಮುಂದೆ ಎರಡು ದಾರಿಗಳಿವೆ. ಒಪ್ಪಿದ್ದಕ್ಕಿಂತ ಕಡಿಮೆ ಕೊಟ್ಟಿದ್ದಕ್ಕೆ ಇಡೀ ಮಾಲನ್ನು ಬೇಡವೆನ್ನಬಹುದು. ಇಲ್ಲವೇ ಬಂದಷ್ಟನ್ನು ಇಟ್ಟುಕೊಂಡು ಒಪ್ಪಿದ ದರದಲ್ಲಿ ಅದಕ್ಕೆ ಮಾತ್ರ ಹಣ ಕೊಡಬಹುದು, ಅಂದರೆ 36 ರೂಪಾಯಿ. ರೂಢಿಯಲ್ಲಿ ಮೂರನೆಯದೇ ನಡೆಯುತ್ತದೆ: ‘ಅಯ್ಯೋ, ನೋಡ್ಲಿಲ್ಲ ಕಣಮ್ಮ’ ಎಂದು ಮಾರುವವರು ಇನ್ನೆರಡು ಹಣ್ಣು ಹಾಕಿ ಲೆಕ್ಕ ಸರಿಮಾಡುತ್ತಾರೆ. ದಿನವೂ ನಮಸ್ಕಾರ ಹೇಳಿ ಮಾತಾಡಿಸಿದ ಗಿರಾಕಿಗೆ ಈ ಪ್ರಶ್ನೆ ಕೇಳುವುದು ಸುಲಭ. ಕೇಳಿಸಿಕೊಂಡವರಿಗೂ ಅದು ಕಳ್ಳತನದ ಆರೋಪದಂತೆ ಕೇಳುವುದಿಲ್ಲ.

ಸರಿಹೋಗದಿದ್ದರೆ ದೂರು

ಮರುತೂಕಕ್ಕೆ ಒಪ್ಪದಿದ್ದರೆ ಅಥವಾ ಪ್ರತಿ ಸಲ ತೂಕ ಕಡಿಮೆ ಬರುತ್ತಿದ್ದರೆ ಜಗಳಕ್ಕಿಳಿಯುವ, ತಕ್ಕಡಿಯನ್ನು ಕಸಿದುಕೊಳ್ಳುವ ಅಗತ್ಯವಿಲ್ಲ. ಅಂಥ ಅಧಿಕಾರವೂ ಕೊಳ್ಳುವವರಿಗಿಲ್ಲ. ಪಕ್ಕದ ಗಾಡಿಯಲ್ಲೋ ಅಂಗಡಿಯಲ್ಲೋ ಆಗಲೇ ತೂಗಿಸಿ, ಅಂಕಿ ಕಾಣುವಂತೆ ಫೋಟೊ ತೆಗೆದಿಡುವುದು ಉತ್ತಮ. ಮನೆಗೆ ಹೋಗಿ ತೂಗಿದರೆ ದಾರಿಯಲ್ಲಿ ಮಾಲು ಬದಲಾಗಿಲ್ಲ ಎಂದು ತೋರಿಸುವುದು ಕಷ್ಟವಾಗುತ್ತದೆ. ಮೊಬೈಲಿನಲ್ಲಿ ಹಣ ಕಳಿಸಿದ್ದರೆ ಆ ದಾಖಲೆ ಸಮಯ ಮತ್ತು ಮೊತ್ತಕ್ಕೆ ಸಾಕ್ಷಿಯಾಗುತ್ತದೆ. ತೂಕ ಅದರಲ್ಲಿರುವುದಿಲ್ಲ, ಆದ್ದರಿಂದ ಫೋಟೊ ಬೇಕೇ ಬೇಕು.

ದೂರನ್ನು ಆಯಾ ಪ್ರದೇಶದ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೆ ಬರೆದು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಸ್ಥಳ, ದಿನ, ಗಂಟೆ, ಯಾವ ತರಕಾರಿ, ಹೇಳಿದ ತೂಕ, ಮರುತೂಕದಲ್ಲಿ ಬಂದದ್ದು, ತಕ್ಕಡಿಯ ಮುದ್ರೆಯ ವಿವರ, ಇಷ್ಟಿದ್ದರೆ ದೂರು ಪೂರ್ಣ. ನಿರೀಕ್ಷಕರು ಪ್ರಮಾಣಿತ ಬಟ್ಟುಗಳಿಂದ ತಕ್ಕಡಿಯನ್ನು ಪರೀಕ್ಷಿಸುತ್ತಾರೆ. ದೋಷ ಕಂಡರೆ ಮಾಪನಶಾಸ್ತ್ರ ಕಾಯ್ದೆಯ 15ನೇ ಕಲಮಿನಡಿ ಅದನ್ನು ವಶಪಡಿಸಿಕೊಳ್ಳಬಹುದು. ಹಣ ಪಡೆದಷ್ಟು ಮಾಲು ಕೊಡದಿರುವುದು 30ನೇ ಕಲಮಿನಡಿ, ಮುದ್ರೆಯಿಲ್ಲದ ತಕ್ಕಡಿ ಬಳಸುವುದು 33ನೇ ಕಲಮಿನಡಿ ಬರುವ ತಪ್ಪುಗಳು.

ಇಲಾಖೆಯ ಕ್ರಮದಿಂದ ತಕ್ಕಡಿ ಸರಿಹೋಗುತ್ತದೆಯೇ ಹೊರತು ಕಳೆದುಕೊಂಡ ಹಣ ಕೈಗೆ ಬರುವುದಿಲ್ಲ. ಪರಿಹಾರ ಬೇಕಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಅಲ್ಲಿ ಶುಲ್ಕವಿಲ್ಲ. ನಾಲ್ಕು ರೂಪಾಯಿಯ ನಷ್ಟಕ್ಕೆ ಯಾರೂ ಆಯೋಗದ ಮೆಟ್ಟಿಲು ಹತ್ತುವುದಿಲ್ಲ ಎಂಬುದು ನಿಜ. ಆದ್ದರಿಂದಲೇ ತರಕಾರಿಯ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇಲಾಖೆಗೆ ಕೊಟ್ಟ ದೂರು. ಒಬ್ಬರ ದೂರಿನಿಂದ ಸರಿಯಾದ ತಕ್ಕಡಿ ಆ ಬೀದಿಯ ಎಲ್ಲರಿಗೂ ಸರಿಯಾಗಿ ತೂಗುತ್ತದೆ.

ತೂಕ ಸರಿಯಿರುವ ಗಾಡಿಯಲ್ಲಿ ಎರಡು ರೂಪಾಯಿ ಹೆಚ್ಚಾದರೂ ಕೊಳ್ಳಿ, ಮಾತಾಡಿ, ಬೋಣಿ ಮಾಡಿ. ತೂಗುವ ಆ ಅರ್ಧ ನಿಮಿಷ ಮಾತ್ರ ತಕ್ಕಡಿಯನ್ನು ನೋಡಿ.