ಅವನಿಗೆ ನಾಲ್ಕು, ನನಗ್ಯಾಕೆ ಮೂರು?

ರೇಟಿಂಗ್ ಪತ್ರ ಕೈಗೆ ಬಂದ ದಿನ ಕಣ್ಣು ಹೋಗುವುದು ಪಕ್ಕದವನ ಅಂಕಿಯ ಕಡೆಗೆ. ಆಗ ಏಳುವ ಪ್ರಶ್ನೆಗೆ ವರ್ಷ ಕಳೆದ ಮೇಲೂ ಉತ್ತರ ಕೊಡಬಲ್ಲದ್ದು ಕ್ಯಾಲಿಬ್ರೇಶನ್ ಟಿಪ್ಪಣಿ. ಬೇರೆ ಬೇರೆ ಸೂಪರ್‌ವೈಸರ್‌ಗಳು ಕೊಟ್ಟ ರೇಟಿಂಗನ್ನು ಒಟ್ಟಿಗೆ ಕೂತು ಹೋಲಿಸಿ, ಯಾವುದು ಏಕೆ ಉಳಿಯಿತು, ಯಾವುದು ಏಕೆ ಬದಲಾಯಿತು ಎಂದು ಬರೆದಿಡುವ ಅರ್ಧ ಪುಟವಿದು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಯಂತ್ರಭಾಗ ತಯಾರಿಸುವ ಕಾರ್ಖಾನೆಯೊಂದಕ್ಕೆ ಎರಡು ಘಟಕಗಳಿವೆ. ಒಂದು, ಮೈಸೂರು ಕಿರ್ಲೋಸ್ಕರ್ ಕಾಲದಿಂದ ಲೇತ್‌ಗೆ ಹೆಸರಾದ ಹರಿಹರದಲ್ಲಿ. ಇನ್ನೊಂದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ. ಎರಡೂ ಕಡೆ ಒಂದೇ ಗ್ರೇಡಿನ ಒಬ್ಬೊಬ್ಬ ಸಿಎನ್‌ಸಿ ಆಪರೇಟರ್. ಅಲ್ಲಿನ ಸೂಪರ್‌ವೈಸರ್‌ಗಳು ಹರಿಹರದವರಿಗೆ 4, ದಾವಣಗೆರೆಯವರಿಗೆ 3 ಕೊಟ್ಟಿದ್ದಾರೆ.

1. ಅಂಕಿಯ ಅರ್ಥ ಮೊದಲೇ ಬರೆಯಿರಿ

‘ಉತ್ತಮ’, ‘ಅತ್ಯುತ್ತಮ’ ಎಂದರೆ ಸಾಲದು. ಆ ಗ್ರೇಡಿನ ಕೆಲಸಕ್ಕೆ ತಕ್ಕಂತೆ ಬಿಡಿಸಿ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ 3 ಎಂದರೆ ಕೊಟ್ಟ ಜಾಬನ್ನು ಅಳತೆ ತಪ್ಪದೆ, ಹೊತ್ತಿಗೆ ಸರಿಯಾಗಿ ಮುಗಿಸುವುದು. 4 ಎಂದರೆ ಅದರ ಜೊತೆಗೆ ಸೆಟ್ಟರ್ ನೆರವಿಲ್ಲದೆ ಹೊಸ ಜಾಬ್ ಸೆಟ್ ಮಾಡುವುದು, ಇನ್ನೊಬ್ಬರಿಗೆ ಕಲಿಸುವುದು. ಇದು ವರ್ಷದ ಆರಂಭದಲ್ಲೇ ಎಲ್ಲರಿಗೂ ಗೊತ್ತಿರಬೇಕು.

2. ಇಡೀ ವರ್ಷದ ದಾಖಲೆ ತನ್ನಿ

ನೆನಪನ್ನು ನಂಬಿದರೆ ಕೊನೆಯ ಎರಡು ತಿಂಗಳೇ ಇಡೀ ವರ್ಷವಾಗಿಬಿಡುತ್ತದೆ. ಉತ್ಪಾದನಾ ಪುಸ್ತಕ, ರಿಜೆಕ್ಷನ್ ರಿಜಿಸ್ಟರ್, ತರಬೇತಿ ರಿಜಿಸ್ಟರ್, ಫಸ್ಟ್ ಪೀಸ್ ತಪಾಸಣೆಯ ಹಾಳೆಗಳನ್ನು ಸಭೆಗೆ ತನ್ನಿ. ಹರಿಹರದವರು 20,000 ಪೀಸ್ ಮಾಡಿದ್ದಾರೆ, 240 ರಿಜೆಕ್ಟ್: ಶೇ 1.2. ದಾವಣಗೆರೆಯವರದು 5,000 ಪೀಸ್, 130 ರಿಜೆಕ್ಟ್: ಶೇ 2.6. ಮೇಲ್ನೋಟಕ್ಕೆ ಸೂಪರ್‌ವೈಸರ್‌ಗಳ ಲೆಕ್ಕ ಸರಿ.

3. ಕೆಲಸದ ವ್ಯತ್ಯಾಸ ಕಳೆಯಿರಿ

ಹರಿಹರದಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಜಾಬ್. ದಾವಣಗೆರೆಯಲ್ಲಿ ಚಿಕ್ಕ ಚಿಕ್ಕ ಆರ್ಡರ್. ಜಾಬ್ ಇಲ್ಲವೇ ಟೂಲ್ ಬದಲಾದಾಗಲೆಲ್ಲ ಅಳತೆ ಹೊಂದಿಸುವಾಗ ಒಂದೋ ಎರಡೋ ಪೀಸ್ ಹಾಳಾಗುವುದು ಸಹಜ. ರಿಜಿಸ್ಟರ್ ತೆಗೆದರೆ ಹರಿಹರದಲ್ಲಿ ಹೀಗೆ ಹೋದವು 40, ದಾವಣಗೆರೆಯಲ್ಲಿ 80. ಇವನ್ನು ಕಳೆದರೆ ಉಳಿಯುವುದು 200 ಮತ್ತು 50. ಎರಡೂ ಶೇ 1ರ ಆಸುಪಾಸು. ಅಂದರೆ ರಿಜೆಕ್ಷನ್ ಆಧಾರದ ಮೇಲೆ ಇಬ್ಬರಿಗೆ ಬೇರೆ ಬೇರೆ ರೇಟಿಂಗ್ ಕೊಡಲು ಕಾರಣವೇ ಇಲ್ಲ.

ಯಂತ್ರ ಕೆಟ್ಟ ದಿನಗಳು, ಕರೆಂಟ್ ಹೋದ ಪಾಳಿಗಳು, ಮಂಜೂರಾದ ರಜೆಯನ್ನೂ ಹೀಗೇ ಬದಿಗಿಡಬೇಕು.

4. ಗಡಿಯಲ್ಲಿರುವವರನ್ನು ಜೋಡಿಯಾಗಿ ನೋಡಿ

ಸಭೆಯ ಹೊತ್ತು ಹೋಗಬೇಕಾದದ್ದು 3 ಮತ್ತು 4ರ ನಡುವೆ ನಿಂತವರ ಮೇಲೆ. ಒಂದನೆಯ ಹಂತದ ಅರ್ಥವನ್ನು ಮುಂದಿಟ್ಟರೆ, ಸೆಟ್ಟರ್ ಇಲ್ಲದೆ ಜಾಬ್ ಸೆಟ್ ಮಾಡಿದ್ದು, ಇಬ್ಬರು ಟ್ರೈನಿಗಳಿಗೆ ಕಲಿಸಿದ್ದು ದಾವಣಗೆರೆಯವರು ಎಂದು ದಾಖಲೆಗಳೇ ಹೇಳುತ್ತವೆ. ರೇಟಿಂಗ್ ಅದಲುಬದಲಾಗುತ್ತದೆ.

5. ಟಿಪ್ಪಣಿ ಬರೆಯುವ ಬಗೆ

“ದಾವಣಗೆರೆ ಘಟಕದ ಆಪರೇಟರ್: 3ರಿಂದ 4ಕ್ಕೆ. ಸೆಟಿಂಗ್ ಪೀಸ್ ಕಳೆದರೆ ರಿಜೆಕ್ಷನ್ ಹರಿಹರದ ಸಮಾನ ಗ್ರೇಡಿನವರಷ್ಟೇ (ಶೇ 1). ಸೆಟ್ಟರ್ ನೆರವಿಲ್ಲದೆ ಸೆಟಿಂಗ್ ಮಾಡಿದ್ದಾರೆ. ಇಬ್ಬರು ಟ್ರೈನಿಗಳಿಗೆ ಕಲಿಸಿದ್ದಾರೆ. ಆಧಾರ: ರಿಜೆಕ್ಷನ್ ರಿಜಿಸ್ಟರ್, ಫಸ್ಟ್ ಪೀಸ್ ಹಾಳೆಗಳು, ತರಬೇತಿ ರಿಜಿಸ್ಟರ್.”

ಹರಿಹರದವರ ರೇಟಿಂಗ್ ಇಳಿದದ್ದಕ್ಕೂ ಇಷ್ಟೇ ಸ್ಪಷ್ಟವಾದ ಟಿಪ್ಪಣಿ ಬೇಕು. ಅವರಿಗೆ ಹೊಸ ಜಾಬ್ ಸೆಟ್ ಮಾಡುವ ಅವಕಾಶವೇ ಸಿಕ್ಕಿರಲಿಲ್ಲವಾದರೆ ಅದನ್ನೂ ಬರೆದು, ಮುಂದಿನ ವರ್ಷ ಆ ಕೆಲಸ ಕೊಡುವುದಾಗಿ ನಮೂದಿಸಿ. ‘ಧೋರಣೆ ಸರಿಯಿಲ್ಲ’, ‘ಒಳ್ಳೆ ಹುಡುಗ’ ಎಂಬಂಥ ಮಾತು ಬೇಡ. ಪರೀಕ್ಷೆ ಸುಲಭ: ಹೆಸರು ಅಳಿಸಿ ಇನ್ನೊಬ್ಬರ ಹೆಸರು ಹಾಕಿದರೂ ಟಿಪ್ಪಣಿ ಹೊಂದುವುದಾದರೆ ಅದರಲ್ಲಿ ಕಾರಣ ಇಲ್ಲವೆಂದೇ ಲೆಕ್ಕ.

‘ಶೇ 20 ಜನಕ್ಕೆ ಮಾತ್ರ 4’ ಎಂಬ ಮಿತಿಯಿಂದ ಯಾರಾದರೂ ಕೆಳಗಿಳಿದರೆ ಹಾಗೆಂದೇ ಬರೆಯಿರಿ. ಇಲ್ಲದ ತಪ್ಪು ಹುಡುಕಿ ಬರೆದರೆ ದಾಖಲೆಗಳೇ ಅದನ್ನು ಸುಳ್ಳು ಮಾಡುತ್ತವೆ.

6. ತಿಳಿಸಿ, ಆಮೇಲೆ ತಿದ್ದಬೇಡಿ

2008ರ ದೇವ್ ದತ್ ಪ್ರಕರಣದಲ್ಲಿ ಗಡಿ ರಸ್ತೆ ಸೇವೆಯ ಎಂಜಿನಿಯರ್ ಒಬ್ಬರ ವಾರ್ಷಿಕ ವರದಿಯಲ್ಲಿ ‘ಗುಡ್’ ಎಂದಿತ್ತು. ಬಡ್ತಿಗೆ ‘ವೆರಿ ಗುಡ್’ ಬೇಕಿತ್ತು. ಆ ನಮೂದನ್ನು ಅವರಿಗೆ ತಿಳಿಸಿರಲೇ ಇಲ್ಲ. ಸರ್ಕಾರಿ ನೌಕರರ ವರದಿಯ ಪ್ರತಿ ನಮೂದನ್ನೂ ಅವರಿಗೆ ತಿಳಿಸಬೇಕು, ಅಹವಾಲಿಗೆ ಅವಕಾಶ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2013ರ ಸುಖದೇವ್ ಸಿಂಗ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಖಾಸಗಿ ಕಾರ್ಖಾನೆಗೆ ಈ ತೀರ್ಪುಗಳು ನೇರವಾಗಿ ಅನ್ವಯಿಸದಿದ್ದರೂ ಈ ಕ್ರಮ ಅನುಸರಿಸಲು ಯೋಗ್ಯ.

ನೌಕರರಿಗೆ ಅವರವರ ಕಾರಣ ಓದಿ ಹೇಳಿ. ಹೋಲಿಕೆಗೆ ಬಂದ ಇನ್ನೊಬ್ಬರ ಹೆಸರು ಬೇಡ. ಸಭೆಯ ದಿನವೇ ದಿನಾಂಕ, ಹಾಜರಿದ್ದವರ ಸಹಿ ಹಾಕಿಸಿ. ಆಕ್ಷೇಪ ಬಂದು ರೇಟಿಂಗ್ ಬದಲಾದರೆ ಹಳೆಯ ಟಿಪ್ಪಣಿಯನ್ನು ಅಳಿಸದೆ, ಹೊಸ ದಿನಾಂಕದ ಹಾಳೆಯನ್ನು ಅದಕ್ಕೆ ಲಗತ್ತಿಸಿ. ದೂರು ಬಂದ ಮೇಲೆ ತಿದ್ದಿದ ಟಿಪ್ಪಣಿಗೆ ವಿಚಾರಣೆಯಲ್ಲಿ ಬೆಲೆ ಕಡಿಮೆ.