ಮೊದಲು ಟ್ರೀಯ ಎತ್ತರ ನೋಡಿ

ಮಕ್ಕಳೇ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ ಒಂದು ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ. ನೋಂದಣಿ ಸಂಖ್ಯೆ ಕೊಟ್ಟರೆ ವಿದ್ಯಾರ್ಥಿಯ ವಿವರ ತೋರಿಸುವ ಪ್ರೋಗ್ರಾಮ್ ಬರೆಯಬೇಕಿತ್ತು. ಬೈನರಿ ಸರ್ಚ್ ಟ್ರೀ ಕಟ್ಟಿದೆ: ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ಅಡ್ಡಾದಿಡ್ಡಿ ಸಂಖ್ಯೆಗಳನ್ನು ಕೊಟ್ಟು ನೋಡಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತಿತ್ತು. ಆಮೇಲೆ ಒಂದು ಲಕ್ಷ ಹೆಸರುಗಳಿದ್ದ ನಿಜವಾದ ಫೈಲು ಬಂತು. ಊಟ ಮುಗಿಸಿ ಬಂದರೂ ಅದನ್ನು ಟ್ರೀಗೆ ತುಂಬುವ ಕೆಲಸ ಮುಗಿದಿರಲಿಲ್ಲ.

ಕೋಡಿನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಆದರೆ ಫೈಲು ನೋಂದಣಿ ಸಂಖ್ಯೆಯ ಏರಿಕೆ ಕ್ರಮದಲ್ಲಿತ್ತು. ಹೊಸದಾಗಿ ಬಂದ ಪ್ರತಿ ಸಂಖ್ಯೆಯೂ ಹಿಂದಿನದಕ್ಕಿಂತ ದೊಡ್ಡದು, ಹಾಗಾಗಿ ಪ್ರತಿಯೊಂದೂ ಬಲಕ್ಕೇ ಹೋಯಿತು. ಟ್ರೀ ಎಂದುಕೊಂಡದ್ದು ಕೊಂಬೆಯೇ ಇಲ್ಲದ ಉದ್ದನೆಯ ಸರಪಳಿಯಾಗಿತ್ತು. ತುಂಬುವುದಕ್ಕೇ ಸುಮಾರು 500 ಕೋಟಿ ಹೋಲಿಕೆಗಳು, ಆಮೇಲೆ ಒಂದು ಹೆಸರು ಹುಡುಕಲು ಸರಾಸರಿ 50,000 ಹೋಲಿಕೆಗಳು. ಅದೇ ಒಂದು ಲಕ್ಷ ನೋಡ್‌ಗಳನ್ನು ಎರಡೂ ಕಡೆ ಸಮನಾಗಿ ಹರಡಿದ್ದರೆ 17 ಹೋಲಿಕೆ ಸಾಕಿತ್ತು, ಏಕೆಂದರೆ ಒಂದೊಂದು ಹೆಜ್ಜೆಗೂ ಉಳಿದದ್ದರಲ್ಲಿ ಅರ್ಧ ಕಳಚಿಕೊಳ್ಳುತ್ತದೆ. ಹುಡುಕಾಟದ ಹೊತ್ತನ್ನು ತೀರ್ಮಾನಿಸುವುದು ಟ್ರೀಯ ಎತ್ತರ. ಆ ಎತ್ತರವನ್ನು ಡೇಟಾ ಬರುವ ಕ್ರಮದ ಕೈಗೆ ಬಿಟ್ಟದ್ದು ನನ್ನ ತಪ್ಪು.

ಇದಕ್ಕೆ ಪರಿಹಾರವನ್ನು 1962ರಲ್ಲೇ ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲಾಂಡಿಸ್ ಕೊಟ್ಟಿದ್ದರು. ಅವರ ಹೆಸರಿನಿಂದಲೇ ಅದು ಎವಿಎಲ್ ಟ್ರೀ. ನಿಯಮ ಒಂದೇ: ಯಾವ ನೋಡ್‌ನಲ್ಲೂ ಎಡಗಡೆಯ ಎತ್ತರಕ್ಕೂ ಬಲಗಡೆಯ ಎತ್ತರಕ್ಕೂ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬಂದರೆ ಆಗಲೇ ರೊಟೇಶನ್ ಮಾಡಿ ಸರಿಪಡಿಸಬೇಕು.

1ರಿಂದ 7ರವರೆಗೆ ಕ್ರಮವಾಗಿ ಸೇರಿಸಿ ನೋಡೋಣ. ಕಾಗದದ ಮೇಲೆ ಬಿಡಿಸುತ್ತಾ ಬನ್ನಿ. 3 ಬಂದಾಗ 1ರ ಬಲಗಡೆ ಭಾರವಾಗುತ್ತದೆ. ತಿರುಗಿಸಿದರೆ 2 ಮೇಲೆ ಬರುತ್ತದೆ, 1 ಮತ್ತು 3 ಅದರ ಮಕ್ಕಳು. 5 ಬಂದಾಗ 3ರ ಜಾಗಕ್ಕೆ 4 ಏರುತ್ತದೆ. 6 ಬಂದಾಗ ರೂಟ್ ಆಗಿರುವ 2ರಲ್ಲೇ ವ್ಯತ್ಯಾಸ ಎರಡಾಗುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ. 4 ರೂಟ್ ಆಗಬೇಕು, 2 ಅದರ ಎಡಕ್ಕೆ ಇಳಿಯಬೇಕು. ಆದರೆ 4ರ ಎಡಗಡೆ ಆಗಲೇ 3 ಕೂತಿದೆ. ಅದು 2ಕ್ಕಿಂತ ದೊಡ್ಡದು, 4ಕ್ಕಿಂತ ಚಿಕ್ಕದು, ಆದ್ದರಿಂದ 2ರ ಬಲಗಡೆಗೆ ಹೋದರೂ ಕ್ರಮ ಕೆಡುವುದಿಲ್ಲ. ಕೊನೆಗೆ 7 ಬಂದಾಗ 5ರ ಜಾಗಕ್ಕೆ 6 ಬರುತ್ತದೆ. ನಾಲ್ಕೇ ರೊಟೇಶನ್‌ಗಳಲ್ಲಿ, ಏಳು ಹಂತದ ಸರಪಳಿಯಾಗಬೇಕಿದ್ದದ್ದು ಮೂರು ಹಂತದ ತುಂಬು ಟ್ರೀ ಆಯಿತು.

ಕೋಡಿನಲ್ಲಿ ಇದು ಇಷ್ಟೇ:

```
def rotate_left(x):
    y = x.right
    x.right = y.left
    y.left = x
    update_height(x)
    update_height(y)
    return y
```

ಎಡವುವ ಜಾಗಗಳು ಮೂರು. `update_height` ಮೊದಲು `x`ಗೆ, ಆಮೇಲೆ `y`ಗೆ. ಈಗ `x` ಕೆಳಗಿರುವುದರಿಂದ ಈ ಸಾಲುಗಳು ಅದಲುಬದಲಾದರೆ `y`ಯ ಎತ್ತರ ತಪ್ಪುತ್ತದೆ. ಎರಡನೆಯದು, ಫಂಕ್ಷನ್ ಹಿಂತಿರುಗಿಸಿದ `y`ಯನ್ನು ಮೇಲಿನ ನೋಡ್‌ಗೆ ಜೋಡಿಸಲು ಮರೆತರೆ ಟ್ರೀಯ ಒಂದು ಭಾಗವೇ ಕಾಣೆಯಾಗುತ್ತದೆ. ಮೂರನೆಯದು, 10, 30, 20 ಎಂದು ವಕ್ರವಾಗಿ ಬಂದಾಗ ಒಂದು ರೊಟೇಶನ್ ಸಾಲದು. ಮೊದಲು 30ನ್ನು ಬಲಕ್ಕೆ ತಿರುಗಿಸಿ ನೇರ ಮಾಡಿಕೊಂಡು, ಆಮೇಲೆ 10ನ್ನು ಎಡಕ್ಕೆ ತಿರುಗಿಸಬೇಕು.

ಎಲ್ಲ ಕಡೆಯೂ ಇದು ಬೇಕು ಎನ್ನುವುದಿಲ್ಲ. ಡೇಟಾ ಬದಲಾಗುವುದೇ ಇಲ್ಲವಾದರೆ ವಿಂಗಡಿಸಿದ ಅರೇಯಲ್ಲಿ ಬೈನರಿ ಸರ್ಚ್ ಸಾಕು. ಒಂದು ಕೀ ಕೊಟ್ಟು ಅದನ್ನಷ್ಟೇ ಕೇಳುವುದಾದರೆ ಹ್ಯಾಶ್ ಟೇಬಲ್ ಒಳ್ಳೆಯದು. ಹೊಸ ದಾಖಲೆಗಳು ಸೇರುತ್ತಲೇ ಇರಬೇಕು, ‘ಈ ಸಂಖ್ಯೆಯಿಂದ ಆ ಸಂಖ್ಯೆಯವರೆಗೆ ಕ್ರಮವಾಗಿ ಕೊಡು’ ಎಂಬ ಪ್ರಶ್ನೆಗೂ ಉತ್ತರ ಬೇಕು ಎಂದಾಗ ಸಮತೋಲದ ಟ್ರೀಗೆ ಬೆಲೆ. ಜಾವಾದ `TreeMap` ಒಳಗೆ ಇರುವುದೂ ಅಂಥದ್ದೇ, ರೆಡ್-ಬ್ಲ್ಯಾಕ್ ಟ್ರೀ.

ಇವತ್ತು ರೂಮಿಗೆ ಹೋದ ಮೇಲೆ ನೀವು ಬರೆದಿರುವ ಟ್ರೀಗೆ 1ರಿಂದ ಒಂದು ಲಕ್ಷದವರೆಗೆ ಕ್ರಮವಾಗಿ ಕೊಟ್ಟು, ಕೊನೆಗೆ ಎತ್ತರ ಪ್ರಿಂಟ್ ಮಾಡಿ. ಎತ್ತರವನ್ನು ಹಂತಗಳಲ್ಲಿ ಎಣಿಸಿದರೆ, ಎವಿಎಲ್ ಸರಿಯಾಗಿದ್ದಾಗ 17 ಬರುತ್ತದೆ. ಸಮತೋಲವಿಲ್ಲದ ಟ್ರೀಯನ್ನು ಪೈಥಾನಿನಲ್ಲಿ ರಿಕರ್ಶನ್ ಬಳಸಿ ಬರೆದಿದ್ದರೆ ಸಾವಿರ ಸಂಖ್ಯೆ ಸೇರುವ ಹೊತ್ತಿಗೇ `RecursionError` ಬಂದು ನಿಲ್ಲುತ್ತದೆ. ಅಡ್ಡಾದಿಡ್ಡಿ ಸಂಖ್ಯೆಗಳಿಂದ ಮಾತ್ರ ಪರೀಕ್ಷಿಸಿ ನಾನು ಮೋಸಹೋದೆ. ನೀವು ಹಾಗೆ ಮಾಡಬೇಡಿ, ಏರಿಕೆ ಕ್ರಮದ ಡೇಟಾದಿಂದಲೇ ಶುರು ಮಾಡಿ.